ನೀರಿನ ಬಿಸಿಯೇ ಬೇರೆ, ಕೋಳಿಯ ಬಿಸಿಯೇ ಬೇರೆ

ಬೆಂಗಳೂರಿನಲ್ಲಿ ಈಗ ಕೋಳಿ ಬೇಯಿಸುವವರಲ್ಲಿ ಎರಡು ಪಂಗಡ ಆಗಿದೆ ಮಾರಾಯ್ರೆ. ಮೊದಲನೇ ಪಂಗಡದವರ ಪ್ರಕಾರ 75 ಡಿಗ್ರಿ ಮುಟ್ಟದ ಕೋಳಿ ಅಂದರೆ ಹಸಿ ಕೋಳಿ, ತಿಂದವನು ನೇರ ಆಸ್ಪತ್ರೆಗೆ. ಎರಡನೇ ಪಂಗಡದವರು ಒಂದು ಕಡ್ಡಿಯಂಥ ಯಂತ್ರವನ್ನು ಪಾತ್ರೆಗೆ ಸಿಗಿಸಿ, 60 ಅಂತ ಒತ್ತಿ, ಒಂದು ಗಂಟೆ ಬಿಟ್ಟು ತೆಗೆದು, "ಪಾಶ್ಚರೀಕರಣ ಆಗೋಯ್ತು ಗುರು" ಅನ್ನುವವರು. ನನ್ನ ಜಗಳ ಇಬ್ಬರ ಜೊತೆಗೂ ಇದೆ. ಆದರೆ ಎರಡನೆಯವರ ಜೊತೆ ಸ್ವಲ್ಪ ಜಾಸ್ತಿ, ಯಾಕಂದ್ರೆ ಅವರು ವಿಜ್ಞಾನದ ಹೆಸರು ಹೇಳ್ತಾರೆ, ಅದೂ ಅರ್ಧ ಮಾತ್ರ.

ಗೊತ್ತಿಲ್ಲದವರಿಗೆ ಎರಡು ಮಾತು. ಸೂ ವೀಡ್ ಅಂದರೆ ಫ್ರೆಂಚಿನಲ್ಲಿ ನಿರ್ವಾತದೊಳಗೆ ಅಂತ ಅರ್ಥ. ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೀರಿ ಮುಚ್ಚಿ, ಕುದಿಯದ, ಒಂದೇ ಬಿಸಿಯಲ್ಲಿ ನಿಲ್ಲಿಸಿದ ನೀರಿನಲ್ಲಿ ಮುಳುಗಿಸಿಡುವುದು. 1970ರ ದಶಕದಲ್ಲಿ ಫ್ರಾನ್ಸಿನ ಹೋಟೆಲ್ ಅಡುಗೆಮನೆಗಳಲ್ಲಿ ಶುರುವಾಗಿದ್ದು. ಇವತ್ತು ಟಿನ್ ಫ್ಯಾಕ್ಟರಿ ಹಿಂದಿನ ಗಲ್ಲಿಗಳವರೆಗೆ ಬಂದಿದೆ. ಹಳೇ ಮದ್ರಾಸ್ ರಸ್ತೆಯೂ ರಿಂಗ್ ರೋಡೂ ಸೇರುವ ಆ ಜಾಗದ ಸುತ್ತ ಎಷ್ಟು ಪೀಜಿಗಳಿವೆ, ಎಷ್ಟು ಜಿಮ್‌ಗಳಿವೆ ಅಂತ ಅಲ್ಲಿ ಬಸ್ಸಿಗೆ ಕಾದವರಿಗೆಲ್ಲಾ ಗೊತ್ತು. ಜಿಮ್ ಇದ್ದಲ್ಲಿ ಕೋಳಿಯ ಎದೆ ಮಾಂಸ ಬೇಕು. ಎದೆ ಮಾಂಸ 75 ಡಿಗ್ರಿಗೆ ಹೋದರೆ ತೆಂಗಿನ ನಾರು. 60-65ರಲ್ಲಿ ನಿಲ್ಲಿಸಿದರೆ ಬೆಣ್ಣೆ. ಹೀಗಾಗಿ ಮುಂಬಾಗಿಲಿಲ್ಲದ, ಆರ್ಡರ್ ಮೇಲೆ ಡಬ್ಬಿ ಕಳಿಸುವ ಅಡುಗೆಮನೆಗಳಿಗೆ ಈ ಯಂತ್ರ ವರವಾಗಿ ಬಂತು.

ಮೊದಲು 75ರ ಭಕ್ತರನ್ನು ಮುಗಿಸಿಬಿಡ್ತೀನಿ, ಅದು ಸುಲಭ.

ಸ್ವಾಮಿ, ನೀವು ದಿನಾ ಬೆಳಿಗ್ಗೆ ತರುವ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ್ದು ಅಂತ ಬರೆದಿರುತ್ತಲ್ಲ, ಅದನ್ನು ಎಷ್ಟು ಡಿಗ್ರಿಯಲ್ಲಿ ಮಾಡಿರ್ತಾರೆ ಗೊತ್ತಾ? 72 ಡಿಗ್ರಿಯಲ್ಲಿ 15 ಸೆಕೆಂಡ್. ಹಳೇ ಪದ್ಧತಿ, ದೊಡ್ಡ ತೊಟ್ಟಿಯಲ್ಲಿ ಮಾಡೋದಾದರೆ 63 ಡಿಗ್ರಿಯಲ್ಲಿ 30 ನಿಮಿಷ. ಎರಡೂ ಸರಿ, ಎರಡರಲ್ಲೂ ಕ್ಷಯದ ರೋಗಾಣು, ಸಾಲ್ಮೊನೆಲ್ಲಾ ಎಲ್ಲಾ ಸಾಯುತ್ತೆ. ಬಿಸಿ ಕಮ್ಮಿಯಾದರೆ ಹೊತ್ತು ಜಾಸ್ತಿ, ಬಿಸಿ ಜಾಸ್ತಿಯಾದರೆ ಹೊತ್ತು ಕಮ್ಮಿ. (ಮನೆಗೆ ತಂದು ನಾವು ಮತ್ತೆ ಉಕ್ಕಿಸಿ ಒಲೆ ಮೇಲೆಲ್ಲಾ ಚೆಲ್ಲುತ್ತೀವಿ, ಅದು ಬೇರೆ ಮಾತು.) ರೋಗಾಣುಗಳಿಗೆ 74 ಡಿಗ್ರಿಯಲ್ಲಿ ಕುಣಿದು 75ರಲ್ಲಿ ಸಾಯಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ನಮ್ಮದೇ ಎಫ್‌ಎಸ್‌ಎಸ್‌ಎಐ ಕೇಟರಿಂಗ್ ಮಾಡುವವರಿಗೆ ಕೊಟ್ಟಿರುವ ತಪಾಸಣೆ ಪಟ್ಟಿ ತೆಗೆದು ನೋಡಿ. ಮಾಂಸಾಹಾರಕ್ಕೆ ನಡುಭಾಗದಲ್ಲಿ 65 ಡಿಗ್ರಿ 10 ನಿಮಿಷ, ಅಥವಾ 70 ಡಿಗ್ರಿ 2 ನಿಮಿಷ, ಅಥವಾ 75 ಡಿಗ್ರಿ 15 ಸೆಕೆಂಡ್. ಮೂರರಲ್ಲಿ ಯಾವುದಾದರೂ ಒಂದು. ಅಂದರೆ ಸರ್ಕಾರವೇ ಬರೀ ಡಿಗ್ರಿ ಹೇಳಿಲ್ಲ, ಪ್ರತಿ ಡಿಗ್ರಿಯ ಪಕ್ಕ ಒಂದು ಗಡಿಯಾರ ಇಟ್ಟಿದೆ. 75 ಮಾತ್ರ ಜನರ ಬಾಯಲ್ಲಿ ಉಳೀತು, ಗಡಿಯಾರ ಉದುರಿಹೋಯ್ತು.

ಈಗ ಎರಡನೇ ಪಂಗಡ. ಇಲ್ಲೇ ನನ್ನ ತಲೆ ಕೆಡೋದು.

ಇವರು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿರ್ತಾರೆ. ಪಟ್ಟಿ ಒಳ್ಳೆಯದೇ. ಕೋಳಿ ಮಾಂಸದಲ್ಲಿ ಒಂದು ಕೋಟಿ ಸಾಲ್ಮೊನೆಲ್ಲಾ ಇದ್ದರೆ ಅದು ಒಂದಕ್ಕೆ ಇಳಿಯಲು ಯಾವ ಬಿಸಿಯಲ್ಲಿ ಎಷ್ಟು ಹೊತ್ತು ಬೇಕು ಅನ್ನೋದು ಅದರಲ್ಲಿದೆ. ಕೊಬ್ಬು ಜಾಸ್ತಿ ಇರುವ ಮಾಂಸಕ್ಕೆ ಸ್ವಲ್ಪ ಹೆಚ್ಚು ಹೊತ್ತು. ಅತಿ ಹೆಚ್ಚು ಕೊಬ್ಬಿನ ಸಾಲನ್ನೇ ತಗೊಂಡರೆ 60 ಡಿಗ್ರಿಯಲ್ಲಿ 35 ನಿಮಿಷ, 62.8ರಲ್ಲಿ 13 ನಿಮಿಷ, 65.6ರಲ್ಲಿ ನಾಲ್ಕು ನಿಮಿಷ ಚಿಲ್ಲರೆ. ಇದನ್ನು ನೋಡಿ ನಮ್ಮವರು ಲೆಕ್ಕ ಹಾಕ್ತಾರೆ: "35 ನಿಮಿಷ ಸಾಕು ಅಂತಿದ್ದಾರೆ, ನಾವು ಒಂದು ಗಂಟೆ ಇಡ್ತೀವಿ, ಹೆಚ್ಚೂ ಕಮ್ಮಿ ಡಬಲ್ ಸೇಫ್ಟಿ!"

ಅಲ್ಲೇ ಎಡವಟ್ಟು. ಆ ಪಟ್ಟಿಯ 60 ಡಿಗ್ರಿ ಮಾಂಸದ ನಟ್ಟನಡುವಿನ ಬಿಸಿ. ನಿಮ್ಮ ಯಂತ್ರದ ಮೇಲೆ ಹೊಳೆಯುವ 60 ನೀರಿನ ಬಿಸಿ. ಆ 35 ನಿಮಿಷ ಲೆಕ್ಕಕ್ಕೆ ಬರೋದು ನಡುಭಾಗ 60 ಮುಟ್ಟಿದ ಮೇಲೆ, ನೀವು ಚೀಲ ಮುಳುಗಿಸಿದಾಗಿನಿಂದ ಅಲ್ಲ.

ನಾನು ವರ್ಷಗಟ್ಟಲೆ ಹಾಲಿನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡಿಕೊಂಡಿದ್ದವನು. ಅಲ್ಲಿ ಹಾಲು 72 ಮುಟ್ಟಿದ ಮೇಲೆ ಒಂದು ಉದ್ದ ಕೊಳವೆಯಲ್ಲಿ ಹರಿದು ಹೋಗುತ್ತೆ. ಎಷ್ಟೇ ವೇಗವಾಗಿ ಹರಿದರೂ ಆಚೆ ತುದಿಗೆ ಬರಲು 15 ಸೆಕೆಂಡ್ ಆಗಲೇಬೇಕು, ಅಷ್ಟು ಉದ್ದ ಇಟ್ಟಿರ್ತಾರೆ. ತುದಿಯಲ್ಲಿ ಒಂದು ವಾಲ್ವ್. ಬಿಸಿ ಸ್ವಲ್ಪ ಇಳಿದರೂ ಆ ವಾಲ್ವ್ ತಾನೇ ತಿರುಗಿ ಹಾಲನ್ನು ವಾಪಸ್ ಹಸಿ ಹಾಲಿನ ತೊಟ್ಟಿಗೆ ಕಳಿಸುತ್ತೆ. ಮನುಷ್ಯನ ಅಂದಾಜಿಗೆ ಅಲ್ಲಿ ಜಾಗವೇ ಇಲ್ಲ. ಹಾಲು ತೆಳ್ಳಗೆ ಹರಿಯುವ ಪದಾರ್ಥ, ಅದಕ್ಕೇ ಇಷ್ಟು ಕಾವಲು. ಕೋಳಿ ಗಟ್ಟಿ ಮುದ್ದೆ. ಅದಕ್ಕೆ ನಿಮ್ಮ ಅಡುಗೆಮನೆಯಲ್ಲಿ ಆ ವಾಲ್ವ್ ಎಲ್ಲಿದೆ?

ಟಿನ್ ಫ್ಯಾಕ್ಟರಿ ಹತ್ತಿರ ಇಂಥದ್ದೇ ಅಡುಗೆಮನೆ ನಡೆಸುವ ಗೆಳೆಯನೊಬ್ಬನಿದ್ದಾನೆ. ಹೆಸರು ಬೇಡ. ಕೋಳಿ ಎದೆ, ಸೊಪ್ಪು, ಕಾಳು ಹಾಕಿದ ಡಬ್ಬಿ ಕಳಿಸ್ತಾನೆ. ಸಂಜೆ ಬೇಯಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನ ಹೆಚ್ಚಿ ತಣ್ಣಗೇ ಡಬ್ಬಿಗೆ. ಮತ್ತೆ ಬಿಸಿ ಮಾಡೋದಿಲ್ಲ. ಅವನ ಪದ್ಧತಿಯೂ 60ಕ್ಕೆ ಒಂದು ಗಂಟೆ. "ಎರಡು ವರ್ಷದಿಂದ ಒಂದೂ ಕಂಪ್ಲೇಂಟ್ ಇಲ್ಲ ಮಗಾ" ಅಂದ. "ಸರಿ ಮಗಾ, ಒಂದು ಸಲ ಅಳೆದುಬಿಡೋಣ" ಅಂದೆ.

ಅಳೆಯೋದು ಹೀಗೆ. ಚೀಲದ ಮೇಲೆ ಸಣ್ಣ ಚೌಕ ಫೋಮ್ ಟೇಪ್ ಅಂಟಿಸಿ, ಅದರ ಮೂಲಕ ಸೂಜಿಯಂಥ ತೆಳ್ಳನೆ ಪ್ರೋಬನ್ನು ಮಾಂಸದ ಅತಿ ದಪ್ಪ ಜಾಗದ ನಡುವಿಗೆ ತೂರಿಸಬೇಕು. ಫೋಮ್ ಸೂಜಿಯ ಸುತ್ತ ಬಿಗಿಯಾಗಿ ಕೂತುಕೊಳ್ಳೋದರಿಂದ ನೀರು ಒಳಗೆ ಹೋಗಲ್ಲ. ಅದಕ್ಕೂ ಮೊದಲು ಪ್ರೋಬ್ ಸರಿ ಇದೆಯಾ ನೋಡಬೇಕು. ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಕಲಸಿ ಅದ್ದಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ಅದ್ದಿ 100 ಬರಲಿಲ್ಲ ಅಂತ ತಿದ್ದಲು ಹೋಗಬೇಡಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ ಸುಮಾರು 97ಕ್ಕೆ. ಇದನ್ನು ತಿಳಿಯದೆ ಒಳ್ಳೆಯ ಥರ್ಮಾಮೀಟರನ್ನು ಮೂರು ಡಿಗ್ರಿ ಮೇಲಕ್ಕೆ ಏರಿಸಿಟ್ಟುಕೊಂಡವರನ್ನು ನೋಡಿದ್ದೀನಿ. ಆ ಥರ್ಮಾಮೀಟರ್ ನಾಳೆ ಕೋಳಿ 57ರಲ್ಲಿದ್ದರೂ 60 ಅನ್ನುತ್ತೆ.

ಅವನ ಎದೆ ತುಂಡು ದಪ್ಪ ಜಾಗದಲ್ಲಿ 40 ಮಿಲಿಮೀಟರ್. ಫ್ರಿಜ್ಜಿನಿಂದ ತೆಗೆದಾಗ ನಡುಭಾಗ 5 ಡಿಗ್ರಿ. ನೀರು ಸರಿಯಾಗಿ 60. ಮುಳುಗಿಸಿದೆವು. ಅರ್ಧ ಗಂಟೆಯಲ್ಲಿ ಪ್ರೋಬ್ ಬೇಗ ಬೇಗ ಏರಿತು, ಗೆಳೆಯನ ಮುಖ ಅರಳಿತು. ಆಮೇಲೆ ಆಮೆ. ಒಂದು ಗಂಟೆಗೆ, ಅಂದರೆ ಅವನು ದಿನಾ ತೆಗೆಯುವ ಹೊತ್ತಿಗೆ, 55.5. ಆ ಅಮೆರಿಕದ ಪಟ್ಟಿಯಲ್ಲಿ ಕೋಳಿಗೆ 57.8ಕ್ಕಿಂತ ಕೆಳಗೆ ಸಾಲೇ ಇಲ್ಲ, ಮತ್ತೆ 57.8ಕ್ಕೇ 81 ನಿಮಿಷ ಬೇಕು. ಪ್ರೋಬ್ 59.5 ಮುಟ್ಟಿದಾಗ ಒಂದು ಗಂಟೆ ಐವತ್ತು ನಿಮಿಷ ಆಗಿತ್ತು. ಅಲ್ಲಿಂದ ಮೇಲೆ 35 ನಿಮಿಷ ಸೇರಿಸಿ. ಎರಡು ಗಂಟೆ ಇಪ್ಪತ್ತೈದು ನಿಮಿಷ. ಏರುವ ದಾರಿಯಲ್ಲೂ ಒಂದಿಷ್ಟು ಸಾಯುತ್ತೆ ನಿಜ, ಅದನ್ನು ಕಳೆದರೆ ಸ್ವಲ್ಪ ಇಳಿಯಬಹುದು. ಆದರೆ ಒಂದು ಗಂಟೆಗೆ ಇಳಿಯೋದಿಲ್ಲ.

ಕೊನೆಗೆ ಬಂದಂತೆ ಯಾಕೆ ಆಮೆ? ಶಾಖ ನುಗ್ಗೋದು ಬಿಸಿಯ ವ್ಯತ್ಯಾಸ ಇದ್ದಾಗ. ಮಾಂಸ 5, ನೀರು 60 ಇದ್ದಾಗ ದಬದಬನೆ ನುಗ್ಗುತ್ತೆ. ಮಾಂಸ 57 ಆದಮೇಲೆ ತಳ್ಳೋಕೆ ಮೂರೇ ಡಿಗ್ರಿ. ಮಾರ್ಕೆಟ್ಟಿಗೆ ಹೊರಟ ಬಸ್ಸು ಟಿನ್ ಫ್ಯಾಕ್ಟರಿವರೆಗೆ ಆರಾಮಾಗಿ ಬಂದು, ಸಿಗ್ನಲ್ ಕಣ್ಣಿಗೆ ಕಾಣುವಾಗ ಅರ್ಧ ಗಂಟೆ ನಿಲ್ಲುತ್ತಲ್ಲ, ಹಾಗೆ :-)

ಇನ್ನು ದಪ್ಪದ ಲೆಕ್ಕ. ತುಂಡಿನ ದಪ್ಪ ಎರಡರಷ್ಟಾದರೆ ನಡುಭಾಗ ಬಿಸಿಯಾಗುವ ಹೊತ್ತು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು. 20 ಮಿಲಿಮೀಟರಿಗೂ 40ಕ್ಕೂ ಒಂದೇ ಒಂದು ಗಂಟೆ ಅನ್ನುವ ಪಾಕವಿಧಾನ ಯಾರಾದರೂ ಕೊಟ್ಟರೆ ಓದುವುದನ್ನು ಅಲ್ಲೇ ನಿಲ್ಲಿಸಿ. ಇನ್ನೊಂದು ಕಳ್ಳ ದಪ್ಪ ಇದೆ. ಅವನ ತೊಟ್ಟಿಯಲ್ಲಿ ಹನ್ನೆರಡು ಚೀಲ, ಒಂದರ ಮೇಲೊಂದು ಅಪ್ಪಿಕೊಂಡು ಕೂತಿದ್ದವು. ಎರಡು ಚೀಲ ಅಂಟಿಕೊಂಡರೆ, ನಡುವೆ ನೀರು ಹರಿಯದಿದ್ದರೆ, ಶಾಖದ ಪಾಲಿಗೆ ಅವು 80 ಮಿಲಿಮೀಟರಿನ ಒಂದೇ ತುಂಡು. ಗಾಳಿ ಸರಿಯಾಗಿ ಹೀರದ ಚೀಲ ಮೇಲಕ್ಕೆ ತೇಲುತ್ತೆ, ಅದರ ಒಂದು ಬದಿ ಬೇಯುವುದೇ ಇಲ್ಲ. ಚೀಲಗಳನ್ನು ಪುಸ್ತಕ ಜೋಡಿಸಿದಂತೆ ನಿಲ್ಲಿಸಿ, ನಡುವೆ ಸಂದು ಬಿಡಲು ತಂತಿಯ ಜಾಲರಿ ಇಡಬೇಕು. ದೋಸೆ ಒಣಗಿಸಿದಂತೆ ಅಟ್ಟಿ ಹಾಕೋದಲ್ಲ.

"ತವಾ ಮೇಲೆ ಎರಡೂ ಕಡೆ ಸೀಯಿಸ್ತೀವಲ್ಲೋ" ಅಂದ ಗೆಳೆಯ. ಸೀದದ್ದು ಹೊರಗಿನ ಒಂದೆರಡು ಮಿಲಿಮೀಟರ್. ಬಣ್ಣ, ಪರಿಮಳ ಬರುತ್ತೆ, ಒಪ್ಪಿದೆ. ನಡುಭಾಗಕ್ಕೆ ಆ ಎರಡು ನಿಮಿಷದ ಸುದ್ದಿಯೇ ಮುಟ್ಟಿರೋದಿಲ್ಲ. "ಒಳಗೆ ಗುಲಾಬಿ ಬಣ್ಣ ಹೋಗಿತ್ತು" ಅನ್ನೋದೂ ಸಾಕ್ಷಿಯಲ್ಲ. ಪೂರ್ತಿ ಪಾಶ್ಚರೀಕರಣ ಆದ ಕೋಳಿಯೂ ಮೂಳೆ ಪಕ್ಕ ಗುಲಾಬಿಯಾಗಿರಬಹುದು, ಬೆಳ್ಳಗಾದ ಕೋಳಿ ಅರ್ಧ ದಾರಿಯಲ್ಲಿರಬಹುದು. ಕಣ್ಣು ಇಲ್ಲಿ ಕೆಲಸಕ್ಕೆ ಬಾರದು.

ಆ ಕಂಪ್ಲೇಂಟ್ ಇಲ್ಲ ಅನ್ನುವ ಮಾತಿಗಂತೂ ನನಗೆ ನಗುವೂ ಬರುತ್ತೆ, ಸಿಟ್ಟೂ ಬರುತ್ತೆ. ಸಾಲ್ಮೊನೆಲ್ಲಾ ತಿಂದ ಆರು ಗಂಟೆಗೂ ಕಾಣಿಸಬಹುದು, ಆರು ದಿನಕ್ಕೂ ಕಾಣಿಸಬಹುದು. ಸೋಮವಾರ ನಿಮ್ಮ ಡಬ್ಬಿ ತಿಂದ ಪೀಜಿ ಹುಡುಗಿ ಗುರುವಾರ ಹೊಟ್ಟೆ ಹಿಡಿದುಕೊಂಡರೆ ಬುಧವಾರದ ಪಾನಿಪುರಿಯವನನ್ನು ಬೈತಾಳೆ. ನಿಮಗೆ ಐದು ಸ್ಟಾರ್ ಕೊಟ್ಟು ಆಗಿರುತ್ತೆ. ಎಲ್ಲಾ ಕೋಳಿಯಲ್ಲೂ ಸಾಲ್ಮೊನೆಲ್ಲಾ ಇರೋದಿಲ್ಲ, ಇದ್ದರೂ ಗಟ್ಟಿ ಹುಡುಗರು ಎರಡು ದಿನದಲ್ಲಿ ಎದ್ದು ಕೂರ್ತಾರೆ. ಹಾಗಾಗಿ ತಪ್ಪು ಪದ್ಧತಿಯೂ ವರ್ಷಗಟ್ಟಲೆ ನಡೆಯುತ್ತೆ. ಆದರೆ ಡಬ್ಬಿ ತೆಗೆಯುವವರು ಬಸುರಿಯೋ, ಎಪ್ಪತ್ತರ ಅಜ್ಜಿಯೋ, ಕೀಮೋ ತಗೊಳ್ತಿರುವವರೋ ಅಂತ ನಿಮಗೆ ಹೇಗೆ ಗೊತ್ತು? ಮನೆಯಲ್ಲಿ ನಿಮ್ಮ ತಟ್ಟೆಗೆ ನೀವು ಏನಾದರೂ ಮಾಡಿಕೊಳ್ಳಿ. ದುಡ್ಡು ತಗೊಂಡು ಊರಿಗೆ ಹಂಚುವವರಿಗೆ ಆ ಸ್ವಾತಂತ್ರ್ಯ ಇಲ್ಲ.

ಹಾಗಾದರೆ ಯಂತ್ರ ಬಿಸಾಡಬೇಕಾ? ಬೇಡ. ನನ್ನ ಪ್ರಕಾರ ಮಾರುವ ಅಡುಗೆಮನೆಗೆ 60 ಸರಿಯಾದ ಜಾಗವೇ ಅಲ್ಲ. ಯಾಕೆ ಅಂದರೆ ಅಲ್ಲಿ ತಪ್ಪಿಗೆ ಬೆಲೆ ಜಾಸ್ತಿ. 60ರಲ್ಲಿ 35 ನಿಮಿಷ ಸಾಕಿದ್ದು, ಯಂತ್ರ ಎರಡು ಡಿಗ್ರಿ ಸುಳ್ಳು ಹೇಳಿದರೆ 80 ನಿಮಿಷದ ಹತ್ತಿರ ಹೋಗುತ್ತೆ. 65ರಲ್ಲಿ ಎಫ್‌ಎಸ್‌ಎಸ್‌ಎಐ ಕೇಳುವುದು 10 ನಿಮಿಷ, ಸಾಲ್ಮೊನೆಲ್ಲಾಗೆ ಬೇಕಾದದ್ದು ಅದರ ಅರ್ಧ. ಸ್ವಲ್ಪ ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತೆ. ರುಚಿಯೂ ಹಾಳಾಗಲ್ಲ, 65ರ ಎದೆ ಮಾಂಸ ಇನ್ನೂ ರಸವತ್ತಾಗೇ ಇರುತ್ತೆ.

ನೀರು 66ಕ್ಕೆ ಇಟ್ಟು ಅದೇ 40 ಮಿಲಿಮೀಟರ್ ತುಂಡು ಹಾಕಿದಾಗ ನಡುಭಾಗ 65 ಮುಟ್ಟಲು ಸುಮಾರು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಹತ್ತು ನಿಮಿಷ ಸೇರಿಸಿದರೆ ಒಂದು ಐವತ್ತು. 60ರ ಸರಿಯಾದ ಲೆಕ್ಕಕ್ಕಿಂತ ಅರ್ಧ ಗಂಟೆ ಉಳಿತಾಯ, ಕಾನೂನೂ ಜೇಬಿನಲ್ಲಿ. ಅವನಿಗೆ ಅಷ್ಟೂ ಪುರುಸೊತ್ತಿಲ್ಲ, ಒಂದು ಗಂಟೆಯೇ ಬೇಕು. ಸರಿ, ಎದೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಲ್ಲಿ ತಟ್ಟಿ 25 ಮಿಲಿಮೀಟರ್ ಮಾಡಿದೆವು. ನಡುಭಾಗ 65 ಮುಟ್ಟಿದ್ದು ನಲವತ್ತು ನಿಮಿಷದಲ್ಲಿ. ಹತ್ತು ನಿಮಿಷ ಸೇರಿಸಿ ಐವತ್ತು. ಅವನ ಅದೇ ಒಂದು ಗಂಟೆಯಲ್ಲಿ, ಅದೇ ಯಂತ್ರದಲ್ಲಿ ಕೆಲಸ ಮುಗೀತು. ಬದಲಾಗಿದ್ದು ಆರು ಡಿಗ್ರಿ ಮತ್ತೆ ಒಂದು ಲಟ್ಟಣಿಗೆ. ಮಾಂಸ ಪೂರ್ತಿ ಕರಗಿರಬೇಕು, ಚೀಲ ಒಂದೇ ಪದರದಲ್ಲಿರಬೇಕು, ಅದು ಷರತ್ತು. ಗಡ್ಡೆ ಕಟ್ಟಿದ ಮಾಂಸ ನೇರ ಹಾಕಿದರೆ ಈ ಲೆಕ್ಕ ಯಾವುದೂ ನಿಲ್ಲಲ್ಲ, ಐಸ್ ಕರಗೋಕೇ ಬಹಳ ಶಾಖ ತಿನ್ನುತ್ತೆ.

ಎಲ್ಲಾ ಸರಿ ಮಾಡಿ ಕರೆಂಟ್ ಹೋದರೆ? ನಮ್ಮ ಕಡೆ ಇದನ್ನು ಕೇಳದೆ ಸೂ ವೀಡ್ ಬಗ್ಗೆ ಬರೆಯುವವರು ಬೇರೆ ಊರಿನವರೇ ಇರಬೇಕು. ಈ ಯಂತ್ರಗಳು ಸಾವಿರ ವ್ಯಾಟ್ ಆಸುಪಾಸು ಎಳೀತವೆ, ಸಣ್ಣ ಇನ್ವರ್ಟರ್ ತಡೆಯಲ್ಲ. ಕೆಲವು ಯಂತ್ರ ಕರೆಂಟ್ ಬಂದಮೇಲೆ ತಾನೇ ಶುರುವಾಗುತ್ತೆ, ಕೆಲವು ಸುಮ್ಮನೆ ಮಿಣುಕುತ್ತಾ ಕೂತಿರುತ್ತೆ. ಕೊಳ್ಳುವ ಮೊದಲು ಪ್ಲಗ್ ಕಿತ್ತು ಹಾಕಿ ನೋಡಿ. ಬಾಯಿ ತೆರೆದ ಸ್ಟೀಲ್ ಪಾತ್ರೆಯ ನೀರು ಒಂದು ಗಂಟೆಯಲ್ಲಿ ಹತ್ತಕ್ಕೂ ಹೆಚ್ಚು ಡಿಗ್ರಿ ಕಳಕೊಳ್ಳುತ್ತೆ. ಮುಚ್ಚಳ ಇರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅದೇ ನೀರು ಒಂದೆರಡು ಡಿಗ್ರಿ ಅಷ್ಟೆ. ಮೀನಿನ ಅಂಗಡಿಯವರು ಬಿಸಾಕುವ ಪೆಟ್ಟಿಗೆ ಸಾಕು, ತೊಳೆದುಕೊಳ್ಳಿ. ನೀರು 54ಕ್ಕಿಂತ ಕೆಳಗೆ ಇಳಿದು ಎಷ್ಟು ಹೊತ್ತಾಯ್ತು ಅಂತ ಗೊತ್ತಿಲ್ಲದಿದ್ದರೆ ಆ ಕೋಳಿ ತಿಪ್ಪೆಗೆ. ಸುಮಾರು 52ರವರೆಗೂ ಬೆಳೆಯುವ ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಇದೆ, ಉಗುರುಬೆಚ್ಚಗಿನ ಮಾಂಸ ಅಂದರೆ ಅದಕ್ಕೆ ಹಬ್ಬ.

ಅದರ ಬೀಜಾಣುಗಳು 65ಕ್ಕೂ ಸಾಯಲ್ಲ, 75ಕ್ಕೂ ಸಾಯಲ್ಲ. ಅದಕ್ಕೇ ಬೇಯಿಸಿದ ಮೇಲೆ ತಣಿಸುವುದೂ ಬೇಯಿಸಿದಷ್ಟೇ ಮುಖ್ಯ. ಅದೇ ಪಟ್ಟಿಯಲ್ಲಿ 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನೆರಡು ಗಂಟೆಯೊಳಗೆ ಅಂತ ಇದೆ. ಗೆಳೆಯ ಬಿಸಿ ಚೀಲಗಳನ್ನು ಅಟ್ಟಿಯಾಗಿ ಫ್ರಿಜ್ಜಿನಲ್ಲಿ ಇಡ್ತಿದ್ದ. ಗಾಳಿ ನೀರಿನಷ್ಟು ಬೇಗ ಶಾಖ ಎಳೆಯೋದಿಲ್ಲ. ಅಟ್ಟಿಯ ನಡುವಿನ ಚೀಲ ರಾತ್ರಿಯೆಲ್ಲಾ ಬೆಚ್ಚಗೇ ಇತ್ತು, ಪಕ್ಕದ ಮೊಸರೂ ಹುಳಿಯಾಗಿತ್ತು. ಅರ್ಧ ಐಸ್ ಅರ್ಧ ನೀರು ಇರುವ ಟಬ್ಬಿನಲ್ಲಿ ಚೀಲ ಬಿಡಿಬಿಡಿಯಾಗಿ ಮುಳುಗಿಸಿ, ತಣ್ಣಗಾದ ಮೇಲೆ ಫ್ರಿಜ್ಜಿಗೆ. ಐಸ್ ಖರ್ಚು ಅಂತಾನೆ. ಖರ್ಚೇ.

ಹಸಿ ಕೋಳಿ ಅಡುಗೆಮನೆಗೆ ಬರುವ ದಾರಿಯ ಬಗ್ಗೆಯೂ ಒಂದು ಮಾತು ಬಾಕಿ ಇದೆ. ಶಿವಾಜಿನಗರದಿಂದ ಸ್ಕೂಟರಿನ ಮುಂದೆ ಕಪ್ಪು ಚೀಲದಲ್ಲಿ ನೇತಾಡಿಕೊಂಡು, ಹಲಸೂರು, ಇಂದಿರಾನಗರ ದಾಟಿ, ಬೆನ್ನಿಗಾನಹಳ್ಳಿ ಜಾಮ್‌ನಲ್ಲಿ ಬಿಸಿಲಿಗೆ ನಿಂತು ಬಂದ ಮಾಂಸಕ್ಕೆ ಯಾವ ಯಂತ್ರವೂ ಉತ್ತರ ಅಲ್ಲ. ಕೆಲವು ಬ್ಯಾಕ್ಟೀರಿಯಾ, ಉದಾಹರಣೆಗೆ ನಮ್ಮ ಕೈಯಲ್ಲಿ ಮೂಗಿನಲ್ಲಿ ಇರುವ ಸ್ಟೆಫೈಲೊಕಾಕಸ್, ಬೆಳೆಯುವಾಗ ಬಿಡುವ ವಿಷ ಕುದಿಸಿದರೂ ಹೋಗಲ್ಲ. ಬ್ಯಾಕ್ಟೀರಿಯಾ ಸಾಯುತ್ತೆ, ಅದು ಬಿಟ್ಟ ವಿಷ ಉಳಿಯುತ್ತೆ. ಒಂದು ಐಸ್ ಡಬ್ಬಿ ಸ್ಕೂಟರಿಗೆ ಕಟ್ಟಿಕೊಳ್ಳಲು ಏನು ಕಷ್ಟ?

ಇಷ್ಟಕ್ಕೂ ನಾನು ಕೇಳುತ್ತಿರುವುದು ಒಂದು ನೋಟ್‌ಬುಕ್ಕು. ಪ್ರತಿ ಸರದಿಗೆ ಅತಿ ದಪ್ಪ ತುಂಡು ಎಷ್ಟು ಮಿಲಿಮೀಟರ್, ನಡುಭಾಗ 65 ಮುಟ್ಟಿದ್ದು ಎಷ್ಟು ಗಂಟೆಗೆ, ತೆಗೆದಿದ್ದು ಎಷ್ಟು ಗಂಟೆಗೆ, 5 ಡಿಗ್ರಿಗೆ ಇಳಿದಿದ್ದು ಯಾವಾಗ. ನಾಲ್ಕು ಅಂಕಣ. ಡಬ್ಬಿ ಮೇಲೆ ಪ್ರೋಟೀನ್ ಎಷ್ಟು ಗ್ರಾಂ ಅಂತ ಅಷ್ಟು ದೊಡ್ಡದಾಗಿ ಅಚ್ಚು ಹಾಕಿಸುವವರಿಗೆ ಇದು ಭಾರವೇನೂ ಅಲ್ಲ. ಬರೆಯದವರ ಕೋಳಿಯನ್ನು ನಾನಂತೂ ತಿನ್ನಲ್ಲ, 75ರ ಭಕ್ತರದ್ದನ್ನು ಬೇಕಾದರೆ ನಾರು ಅಗಿದುಕೊಂಡು ತಿಂದೇನು.

ಗೆಳೆಯ ಒಂದು ವಾರ ಮಾತು ಬಿಟ್ಟಿದ್ದ. ಮೊನ್ನೆ ಫೋನ್ ಮಾಡಿ, ಆ ಸೂಜಿ ಪ್ರೋಬ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ಎಸ್.ಪಿ. ರೋಡಿನಲ್ಲಿ ಹುಡುಕು ಅಂದೆ. ಎರಡು ತಗೋ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತಲೂ ಹೇಳಿದೆ.